ಬಿಡಬೇಕೆಂದವರೂ ಬಿಡಲಾಗದ ವಾಟ್ಸ್‌ಆ್ಯಪ್

2021ರ ಜನವರಿ ಮೊದಲ ವಾರ ವಾಟ್ಸ್‌ಆ್ಯಪ್ ತೆರೆದವರಿಗೆ ಒಂದು ಸೂಚನೆ ಎದುರಾಯಿತು. ಖಾಸಗಿತನದ ನೀತಿ ಬದಲಾಗಿದೆ, ಫೆಬ್ರವರಿ 8ರೊಳಗೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಖಾತೆ ಬಳಸುವಂತಿಲ್ಲ ಎಂಬುದು ಅದರ ಸಾರ. ಜನ ಸಿಟ್ಟಾದರು. ಸಿಗ್ನಲ್ ಬಳಸಿ ಎಂದು ಇಲಾನ್ ಮಸ್ಕ್ ಎರಡೇ ಪದಗಳಲ್ಲಿ ಟ್ವೀಟ್ ಮಾಡಿದರು. ನುಗ್ಗಿದ ಜನರ ಭಾರಕ್ಕೆ ಸಿಗ್ನಲ್‌ನಿಂದ ಒಟಿಪಿ ಬರುವುದೇ ತಡವಾಯಿತು, ಕೆಲವು ದಿನಗಳಲ್ಲಿ ಇಡೀ ಸೇವೆಯೇ ಒಮ್ಮೆ ಕುಸಿಯಿತು. ಬರೀ 72 ಗಂಟೆಗಳಲ್ಲಿ 2.5 ಕೋಟಿ ಹೊಸಬರು ಬಂದರೆಂದು ಟೆಲಿಗ್ರಾಂ ಹೇಳಿಕೊಂಡಿತು. ವಾಟ್ಸ್‌ಆ್ಯಪ್ ನಮ್ಮ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು ಸಮಜಾಯಿಷಿ ಹೇಳಿತು, ಗಡುವನ್ನು ಮೇ 15ಕ್ಕೆ ಮುಂದೂಡಿತು.

ಆಮೇಲೇನಾಯಿತು ಎಂದು ನಿಮಗೇ ಗೊತ್ತು. ಮಕ್ಕಳ ಶಾಲೆಯ ಸೂಚನೆ ಈಗಲೂ ವಾಟ್ಸ್‌ಆ್ಯಪ್‌ನಲ್ಲೇ ಬರುತ್ತದೆ, ಮದುವೆಯ ಕರೆಯೋಲೆಯೂ ಅಲ್ಲೇ. ಅಷ್ಟು ಸಿಟ್ಟಿದ್ದವರು ಯಾಕೆ ಹೋಗಲಿಲ್ಲ?

ಸೋಮಾರಿತನ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅನುಮಾನದ ಪಟ್ಟಿಯನ್ನು ಒಂದೊಂದಾಗಿ ಪರೀಕ್ಷಿಸಿ ನೋಡೋಣ. ದುಡ್ಡು ಕಾರಣವಲ್ಲ, ಮೂರೂ ಆ್ಯಪ್‌ಗಳು ಪುಕ್ಕಟೆ. ಗುಣಮಟ್ಟವೂ ಅಲ್ಲ. ನಮ್ಮ ಮಾತು ಹೊರಗಿನವರಿಗೆ ಓದಲಾಗದಂತೆ ಬೀಗ ಹಾಕಲು ವಾಟ್ಸ್‌ಆ್ಯಪ್ ಬಳಸುವುದು ಸಿಗ್ನಲ್‌ನವರೇ ರೂಪಿಸಿದ ವಿಧಾನ. ಸಾಲದ್ದಕ್ಕೆ, ವಾಟ್ಸ್‌ಆ್ಯಪ್ ಕಟ್ಟಿದ ಇಬ್ಬರಲ್ಲೊಬ್ಬರಾದ ಬ್ರಯಾನ್ ಆ್ಯಕ್ಟನ್ ಹೊರಬಂದು 2018ರಲ್ಲಿ 5 ಕೋಟಿ ಡಾಲರ್ ಕೊಟ್ಟು ಸಿಗ್ನಲ್ ಫೌಂಡೇಷನ್ ಶುರುವಾಗಲು ನೆರವಾಗಿದ್ದರು. ಪರಿಚಯದವರನ್ನು ಹೊಸ ಜಾಗದಲ್ಲಿ ಹುಡುಕುವುದು ಕಷ್ಟವಿತ್ತೇ? ಅದೂ ಇಲ್ಲ. ಫೋನಿನಲ್ಲಿರುವ ನಂಬರುಗಳನ್ನು ನೋಡಿ ಇಂಥವರು ಸೇರಿದ್ದಾರೆ ಎಂದು ಆ್ಯಪ್ ತಾನೇ ತಿಳಿಸುತ್ತಿತ್ತು.

ಹಾಗಾದರೆ ಹಳೆಯ ಫೋಟೊ, ಹಳೆಯ ಮಾತುಕತೆಗಳ ಮೇಲಿನ ಮೋಹವೇ? ಇದಕ್ಕೆ ಉತ್ತರ ಅದೇ ತಿಂಗಳ ಕೊನೆಗೆ ಸಿಕ್ಕಿತು. ವಾಟ್ಸ್‌ಆ್ಯಪ್‌ನ ಸಂಭಾಷಣೆಗಳನ್ನು ಎತ್ತಿ ತನ್ನಲ್ಲಿ ಇರಿಸಿಕೊಳ್ಳುವ ಸೌಲಭ್ಯವನ್ನು ಟೆಲಿಗ್ರಾಂ ಕೊಟ್ಟಿತು. ಗಂಟುಮೂಟೆ ಸಾಗಿಸುವ ಏರ್ಪಾಡಾದರೂ ಜನ ಮನೆ ಬದಲಿಸಲಿಲ್ಲ. ಬ್ಯಾಂಕ್ ಖಾತೆ ಬದಲಿಸುವಾಗ ಪಾಸ್‌ಬುಕ್ಕು, ಚೆಕ್ಕು, ಸಹಿ ಎಂದು ನಾವು ಪಡುವ ತಾಪತ್ರಯ ಒಂದು ಬಗೆಯದು. ಅದನ್ನು ಒಬ್ಬರೇ ಪಟ್ಟು ಮುಗಿಸಬಹುದು. ಇಲ್ಲಿ ಕಟ್ಟಿಹಾಕಿದ್ದು ಬೇರೆ: ಉಳಿದವರು ಎಲ್ಲಿದ್ದಾರೆ ಎಂಬ ಒಂದೇ ಸಂಗತಿ. ಬಳಸುವವರು ಹೆಚ್ಚಿದಷ್ಟೂ ಪ್ರತಿಯೊಬ್ಬರಿಗೂ ಸೇವೆಯ ಬೆಲೆ ಏರುವ ಈ ಗುಣವನ್ನೇ ಅರ್ಥಶಾಸ್ತ್ರಜ್ಞರು ನೆಟ್‌ವರ್ಕ್ ಎಫೆಕ್ಟ್ ಎನ್ನುತ್ತಾರೆ.

ಒಂದು ಕುಟುಂಬದ ಗುಂಪಿನಲ್ಲಿ 30 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಪ್ರತಿಯೊಬ್ಬರೂ ಉಳಿದ 29 ಜನರೊಂದಿಗೆ ಮಾತಾಡಬಹುದು, ಅಂದರೆ ಒಟ್ಟು 435 ಜೋಡಿಗಳು. ಇವರಲ್ಲಿ ಆರು ಜನ ಉತ್ಸಾಹದಿಂದ ಸಿಗ್ನಲ್‌ಗೆ ಹೋದರು. ಅಲ್ಲಿ ಆಗುವುದು 15 ಜೋಡಿ. ಜನರಲ್ಲಿ ಐದನೇ ಒಂದು ಪಾಲು ಹೋದರೂ ಮಾತಿನ ದಾರಿಗಳಲ್ಲಿ ಹೋದದ್ದು ಇಪ್ಪತ್ತೊಂಬತ್ತರಲ್ಲೊಂದು ಪಾಲಷ್ಟೇ.

ಈ ಲೆಕ್ಕವನ್ನು ಪೂರ್ತಿ ನಂಬಬೇಕಿಲ್ಲ. 435 ಜೋಡಿಗಳಲ್ಲಿ ಎಷ್ಟೋ ಜನ ಹಬ್ಬಕ್ಕೊಮ್ಮೆಯೂ ಮಾತಾಡಿರುವುದಿಲ್ಲ. ನಿಜವಾಗಿ ಬೇಕಾದವರು ಐದಾರು ಮಂದಿ, ಅವರಷ್ಟೇ ಒಟ್ಟಿಗೆ ಎದ್ದರೆ ಸಾಕಲ್ಲ ಎನ್ನಬಹುದು. ತೊಡಕಿರುವುದು ಅಲ್ಲಿಯೇ. ಆ ಐದಾರು ಮಂದಿಗೂ ಅವರವರ ಐದಾರು ಮಂದಿ ಇದ್ದಾರೆ. ನಿಮ್ಮ ತಂಗಿ ಕುಟುಂಬದ ಗುಂಪಿನಲ್ಲಿದ್ದಾಳೆ, ಆಫೀಸಿನ ಗುಂಪಿನಲ್ಲಿದ್ದಾಳೆ, ಮಗನ ತರಗತಿಯ ತಾಯಂದಿರ ಗುಂಪಿನಲ್ಲೂ ಇದ್ದಾಳೆ. ನಿಮಗಾಗಿ ಹೊಸ ಆ್ಯಪ್ ಹಾಕಿಕೊಂಡಾಳು, ಹಳೆಯದನ್ನು ಮಾತ್ರ ತೆಗೆಯಲಾರಳು.

ಆದ್ದರಿಂದ ಇಂಥ ವಲಸೆಗಳು ಸೋಲುವ ರೀತಿ ಬಹುಪಾಲು ಒಂದೇ. ಹೊಸ ಗುಂಪು ಶುರುವಾಗುತ್ತದೆ. ಮೊದಲ ವಾರ ಗಲಗಲ ಮಾತು. ಅಷ್ಟರಲ್ಲಿ ಯಾರೋ ಮುಖ್ಯವಾದ ಸುದ್ದಿ ಹಾಕಬೇಕಾಗುತ್ತದೆ, ಗೃಹಪ್ರವೇಶದ ತಾರೀಖೋ, ಆಸ್ಪತ್ರೆಗೆ ಸೇರಿಸಿದ ವಿಷಯವೋ. “ಎಲ್ರಿಗೂ ಗೊತ್ತಾಗ್ಲಿ ಅಂತ ಇಲ್ಲೂ ಹಾಕ್ತಿದೀನಿ” ಎಂದು ಅವರು ಎರಡೂ ಕಡೆ ಹಾಕುತ್ತಾರೆ. ಅಲ್ಲಿಗೆ ಮುಗಿಯಿತು. ಹಳೆಯ ಗುಂಪಿನಲ್ಲಿ ಎಲ್ಲವೂ ಸಿಗುವುದಾದರೆ ಹೊಸದನ್ನು ತೆರೆದು ನೋಡುವ ಕಾರಣವೇ ಉಳಿಯುವುದಿಲ್ಲ. “ಅಮ್ಮನಿಗೆ ಮತ್ತೆ ಹೊಸದಾಗಿ ಕಲಿಸೋರ್ಯಾರು?” ಎಂಬ ಪ್ರಶ್ನೆಯೂ ಸಾಮಾನ್ಯ. ಗುಂಪು ಎಲ್ಲಿರಬೇಕೆಂದು ತೀರ್ಮಾನಿಸುವುದು ಬದಲಾವಣೆಗೆ ಹಾತೊರೆಯುವವರಲ್ಲ, ಬದಲಾಗಲು ಎಲ್ಲರಿಗಿಂತ ಹೆಚ್ಚು ಕಷ್ಟಪಡುವವರು. ಹಾಗಾಗಿ ಎಷ್ಟು ಜನ ಡೌನ್‌ಲೋಡ್ ಮಾಡಿದರು ಎಂಬ ಸುದ್ದಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ತುರ್ತು ಸುದ್ದಿಯನ್ನು ಜನ ಮೊದಲು ಎಲ್ಲಿ ಹಾಕುತ್ತಾರೆ ಎಂದು ನೋಡಿದರೆ ನಿಜ ತಿಳಿಯುತ್ತದೆ.

ಹಾಗೆಂದು ಇಂಥ ಕೋಟೆಗಳು ಬೀಳುವುದೇ ಇಲ್ಲವೆಂದಲ್ಲ. ಒಂದು ಕಾಲಕ್ಕೆ ನಮ್ಮ ಕಾಲೇಜು ಹುಡುಗರೆಲ್ಲ ಆರ್ಕುಟ್‌ನಲ್ಲಿದ್ದರು. ಹಿಂದಿದ್ದುದು ಗೂಗಲ್‌ನಂಥ ಕಂಪನಿ. ಗೆಳೆಯರ ಬಳಗಗಳು ಫೇಸ್‌ಬುಕ್‌ಗೆ ಹೊರಳತೊಡಗಿದ ಮೇಲೆ ಇದೇ ಬಲ ತಿರುಗಿಬಿತ್ತು. ಒಬ್ಬೊಬ್ಬರು ಹೋದಂತೆ ಉಳಿದವರಿಗೆ ಅಲ್ಲಿರುವ ಕಾರಣ ಕರಗಿತು. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಬಾಗಿಲು ಹಾಕಿತು.

ಜನ ಬೇರೆಡೆಗೆ ಹೋಗಲಾರರು ಎಂಬುದು ಕಾನೂನಿನ ಕಣ್ಣಿಗೂ ಬಿದ್ದಿದೆ. 2021ರ ನೀತಿಯನ್ನು ಒಪ್ಪಿ, ಇಲ್ಲವೇ ಬಿಡಿ ಎಂಬಂತೆ ಹೇರಲಾಯಿತೆಂದು ಭಾರತೀಯ ಸ್ಪರ್ಧಾ ಆಯೋಗ 2024ರ ನವೆಂಬರ್‌ನಲ್ಲಿ ಮೆಟಾ ಕಂಪನಿಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. ಆದರೆ ದಂಡದಿಂದ ಜನ ಹೊರಹೋಗುವ ದಾರಿ ತೆರೆಯುವುದಿಲ್ಲ.

ದಾರಿ ಹೇಗಿರಬಹುದು ಎಂಬುದು ನಮ್ಮ ಜೇಬಿನಲ್ಲೇ ಇದೆ. ಫೋನ್‌ಪೇ ಇರುವವರು ಗೂಗಲ್ ಪೇ ಇರುವ ತರಕಾರಿ ಅಂಗಡಿಗೆ ಹಣ ಹಾಕುತ್ತಾರೆ. ನಾಳೆ ಆ್ಯಪ್ ಬದಲಿಸಿದರೂ ತರಕಾರಿಯವರನ್ನು ಕೇಳಬೇಕಾಗಿಲ್ಲ. ಏಕೆಂದರೆ ಹಣ ಓಡಾಡುವ ಯುಪಿಐ ಜಾಲ ಯಾವ ಆ್ಯಪ್‌ನ ಸ್ವತ್ತೂ ಅಲ್ಲ. ಆ್ಯಪ್ ಕಿಟಕಿಯಷ್ಟೇ. 2025ರ ಸೆಪ್ಟೆಂಬರ್‌ನಲ್ಲಿ ಜೋಹೊ ಕಂಪನಿಯ ಅರಟ್ಟೈ ಆ್ಯಪ್‌ಗೆ ದಿನಕ್ಕೆ 3,000 ಇದ್ದ ನೋಂದಣಿ ಮೂರೇ ದಿನಗಳಲ್ಲಿ 3.5 ಲಕ್ಷಕ್ಕೇರಿದಾಗ, ಅದರ ಸ್ಥಾಪಕ ಶ್ರೀಧರ್ ವೆಂಬು ಮೆಸೇಜಿಂಗ್ ಸೇವೆಗಳೂ ಯುಪಿಐ, ಇಮೇಲ್‌ಗಳಂತೆ ಪರಸ್ಪರ ಬೆಸೆದುಕೊಳ್ಳಬೇಕು ಎಂದು ಹೇಳಿದ್ದು ಸುಮ್ಮನೆ ಅಲ್ಲ. ಹೊಸಬರಿಗೆ ಅದಕ್ಕಿಂತ ದೊಡ್ಡ ವರ ಇನ್ನೊಂದಿಲ್ಲ.

ಯುರೋಪ್ ಇದನ್ನು ಕಾನೂನನ್ನಾಗಿಯೇ ಮಾಡಿದೆ. ಅಲ್ಲಿನ ಡಿಜಿಟಲ್ ಮಾರ್ಕೆಟ್ಸ್ ಆ್ಯಕ್ಟ್ ಪ್ರಕಾರ ಬೇರೆ ಆ್ಯಪ್‌ನವರು ಕೇಳಿಕೊಂಡರೆ ವಾಟ್ಸ್‌ಆ್ಯಪ್ ಅವರ ಸಂದೇಶಗಳಿಗೆ ಬಾಗಿಲು ತೆರೆಯಲೇಬೇಕು. ಆದರೆ ಸಂದೇಶ ಹಣದಂತಲ್ಲ. ಹಣ ಬ್ಯಾಂಕಿನ ಕಣ್ಣೆದುರೇ ಸಾಗುತ್ತದೆ, ಸಂದೇಶವಾದರೋ ನಡುವಿನ ಯಾರಿಗೂ ಕಾಣದಂತೆ ಮುಚ್ಚಿಕೊಂಡೇ ಒಂದು ಕಂಪನಿಯಿಂದ ಇನ್ನೊಂದಕ್ಕೆ ದಾಟಬೇಕು. ಯಾರು ಯಾರಿಗೆ ಯಾವಾಗ ಕಳಿಸಿದರು ಎಂಬ ವಿವರವಾದರೂ ಆಚೆಯವರ ಕೈಸೇರುತ್ತದೆ. ಈ ಬಾಗಿಲಿನಿಂದ ಎಲ್ಲರಿಗಿಂತ ಹೆಚ್ಚು ಲಾಭವಾಗಬಹುದಾಗಿದ್ದ ಸಿಗ್ನಲ್ ಅದೇ ಕಾರಣ ಕೊಟ್ಟು, ತನ್ನ ಬಳಕೆದಾರರ ಗುಟ್ಟು ಸಡಿಲವಾಗುವುದಾದರೆ ಇಂಥ ಬೆಸುಗೆಯೇ ಬೇಡ ಎಂದಿದೆ.