ಮಳೆಗಾಲದಲ್ಲಿ ಗಣಕಯಂತ್ರ

ಮಲೆನಾಡಿನಲ್ಲಿ ಮಳೆ ಹಿಡಿದೊಡನೆ ಗಣಕಯಂತ್ರಕ್ಕೆ ಮುಸುಕು ಹೊದಿಸಿ ವಾರಗಟ್ಟಲೆ ಮುಚ್ಚಿಡುವವರನ್ನು ನಾವು ಕಂಡಿದ್ದೇವೆ. ಯಂತ್ರ ಕೆಡುವುದಕ್ಕೆ ಇದೇ ದಾರಿ. ಒಳಗೆ ಕುಳಿತ ಧೂಳು ತೇವವನ್ನು ಹೀರಿ, ಅದರಲ್ಲಿಯ ಲವಣ ಕರಗಿ, ವಿದ್ಯುತ್ತಿಗೆ ಕಳ್ಳದಾರಿಯಾಗುತ್ತದೆ. ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ.

ಕೋಣೆಯ ಗಾಳಿ 24 ಡಿಗ್ರಿ ಸೆಲ್ಸಿಯಸ್, ಅದರ ಸಾಪೇಕ್ಷ ಆರ್ದ್ರತೆ ಶೇಕಡಾ 95 ಎಂದಿಟ್ಟುಕೊಳ್ಳೋಣ. ಯಂತ್ರ ನಡೆದು ಒಳಗಿನ ಗಾಳಿ 34 ಡಿಗ್ರಿಗೇರಿದರೆ, ಆವಿ ಅಷ್ಟೇ ಇದ್ದರೂ ಆರ್ದ್ರತೆ ಸುಮಾರು 53ಕ್ಕೆ ಇಳಿಯುತ್ತದೆ. ಬೆಚ್ಚನೆಯ ಗಾಳಿಗೆ ಆವಿಯ ಹಸಿವು ಹೆಚ್ಚು. ಆದುದರಿಂದ ದಿನವೂ ಕೆಲವು ಗಂಟೆ ನಡೆಸುವುದು ಮುಸುಕಿಗಿಂತ ಮೇಲು. ಆದರೆ ತಂಪುಗೊಳಿಸಿದ ಕೋಣೆಯಿಂದ ಆಗತಾನೆ ಹೊರತಂದ ಯಂತ್ರದಲ್ಲಿ ಇಬ್ಬನಿ ಕಟ್ಟೀತು. ಅದು ಆರುವ ತನಕ ಗುಂಡಿಯನ್ನೊತ್ತಬಾರದು.

ಈ ಬೆಚ್ಚನೆಯ ಗೂಡು ಇರುವೆಗಳಿಗೂ ಪ್ರಿಯವೇ! ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿಯಬಹುದು. ಅದರ ಧೂಳನ್ನು ಆಗಾಗ ಕೊಡವದಿದ್ದರೆ ಗಾಳಿಯಾಡದೆ ಯಂತ್ರ ಅತಿಯಾಗಿ ಕಾಯುತ್ತದೆ.