ಚೀಲದಲ್ಲಿ ಒಂಬತ್ತು ಮಾತ್ರೆ

ಸಕ್ಕರೆ ಕಾಯಿಲೆಯಿರುವ 76ರ ಅಜ್ಜಿಯೊಬ್ಬರು ಬೆವತು, ಮಂಕಾಗಿ ಆಸ್ಪತ್ರೆಗೆ ಬಂದರೆಂದುಕೊಳ್ಳಿ. ರಕ್ತದ ಸಕ್ಕರೆ 48ಕ್ಕೆ ಇಳಿದಿದೆ. ಮಗನ ಕೈಯಲ್ಲಿ ಒಂಬತ್ತು ಬಗೆಯ ಮಾತ್ರೆಗಳ ಚೀಲ.

ಗ್ಲೂಕೋಸ್ ಕೊಟ್ಟು ಅಜ್ಜಿ ಚೇತರಿಸಿಕೊಂಡ ಮೇಲೆ ನರ್ಸ್ ಔಷಧ ಹೊಂದಾಣಿಕೆ ಫಾರಂ ತೆರೆಯುತ್ತಾರೆ. ಪ್ರತಿ ಮಾತ್ರೆಗೂ ಒಂದು ಸಾಲು: ಹೆಸರು, ಪ್ರಮಾಣ, ದಿನಕ್ಕೆಷ್ಟು ಸಲ, ಯಾಕಾಗಿ, ಕೊನೆಯದಾಗಿ ನುಂಗಿದ್ದು ಯಾವಾಗ. ಕೊನೆಯ ಅಂಕಣ ವೈದ್ಯರದು: ಮುಂದುವರಿಸಬೇಕೆ, ಬದಲಿಸಬೇಕೆ, ನಿಲ್ಲಿಸಬೇಕೆ, ಏಕೆ?

ಬ್ರ್ಯಾಂಡ್ ಹೆಸರಿನ ಬದಲು ಸ್ಟ್ರಿಪ್ ಮೇಲಿನ ಮೂಲ ಹೆಸರನ್ನು ಬರೆದಾಗ ಗುಟ್ಟು ಹೊರಬೀಳುತ್ತದೆ. ಒಂದು ಸ್ಟ್ರಿಪ್‌ನಲ್ಲಿ ಗ್ಲಿಮೆಪಿರೈಡ್; ಬೇರೊಬ್ಬ ವೈದ್ಯರು ಬರೆದ ಇನ್ನೊಂದರಲ್ಲಿ ಮೆಟ್‌ಫಾರ್ಮಿನ್ ಜೊತೆ ಮತ್ತದೇ ಗ್ಲಿಮೆಪಿರೈಡ್. ಬ್ರ್ಯಾಂಡ್ ಬೇರೆಯಾದ್ದರಿಂದ ಅಜ್ಜಿ ಎರಡನ್ನೂ ನುಂಗುತ್ತಿದ್ದರು.

ಕೊನೆಯದನ್ನು ನುಂಗಿದ್ದು ಬೆಳಿಗ್ಗೆ ಎಂಟಕ್ಕೆ. ಈ ಔಷಧದ ಪ್ರಭಾವ ಸುಮಾರು ಒಂದು ದಿನ ಉಳಿಯುತ್ತದೆ, ಮೂತ್ರಪಿಂಡ ಸೊರಗಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಸಕ್ಕರೆ ಮತ್ತೆ ಕುಸಿಯಬಹುದು. ರಾತ್ರಿಯಿಡೀ ತಪಾಸಣೆ ಬೇಕು. ವೈದ್ಯರು ಎರಡನ್ನೂ ನಿಲ್ಲಿಸಿ ಕಾರಣ ಬರೆಯುತ್ತಾರೆ.

ಚೀಲ ಮಾತ್ರ ನೋಡಿದರೆ ಸಾಲದು. ಹಳೆಯ ಚೀಟಿ, ಮೆಡಿಕಲ್ ಶಾಪ್ ಬಿಲ್ ಜೊತೆ ಹೋಲಿಸಿದಾಗ ದಿಂಬಿನ ಪಕ್ಕದಲ್ಲೇ ಉಳಿದುಹೋದ ಥೈರಾಯ್ಡ್ ಮಾತ್ರೆ ನೆನಪಾಗುತ್ತದೆ. ಚೀಟಿಯಲ್ಲಿರುವುದೆಲ್ಲ ಹೊಟ್ಟೆಗೆ ಹೋಗಿದೆ ಎನ್ನಲೂ ಆಗದು: ತಿಂಗಳ ಹಿಂದೆ ಕೊಂಡ ಮೂವತ್ತು ಬಿಪಿ ಮಾತ್ರೆಗಳಲ್ಲಿ ಇಪ್ಪತ್ತು ಹಾಗೇ ಇವೆ. ಅದನ್ನು ಬರೆಯದಿದ್ದರೆ ವಾರ್ಡಿನಲ್ಲಿ ದಿನವೂ ಪೂರ್ತಿ ಪ್ರಮಾಣ ಕೊಟ್ಟಾಗ ರಕ್ತದೊತ್ತಡ ದಿಢೀರನೆ ಇಳಿದು ಅಜ್ಜಿ ಬೀಳಬಹುದು.

ಡಿಸ್ಚಾರ್ಜ್ ದಿನ ಇದೇ ಪಟ್ಟಿಯನ್ನು ಹೊಸ ಚೀಟಿಯ ಜೊತೆ ಮತ್ತೆ ತಾಳೆ ನೋಡಲಾಗುತ್ತದೆ. ನಿಲ್ಲಿಸಿದ ಸ್ಟ್ರಿಪ್‌ಗಳನ್ನು ಮಗನಿಗೆ ಎತ್ತಿ ತೋರಿಸಿ ಬೇರೆ ಇಡಿಸುತ್ತಾರೆ.