ನಡುವಿನೆರಡು ಗೆದ್ದರೆ ಎಂಜಿನ್ ಶಾಂತ

ಜೇಮ್ಸ್ ವಾಟ್ 1788ರಲ್ಲಿ ತನ್ನ ಹಬೆ ಎಂಜಿನ್‌ಗೆ ಒಂದು ಗವರ್ನರ್ ಜೋಡಿಸಿದ. ತಿರುಗುವ ಕಂಬಕ್ಕೆ ತೂಗುಬಿಟ್ಟ ಎರಡು ಲೋಹದ ಗುಂಡುಗಳು, ಅಷ್ಟೆ. ಎಂಜಿನ್ ಜೋರಾದರೆ ಗುಂಡುಗಳು ಹೊರಕ್ಕೆ ಚಾಚಿ ಮೇಲೇರುತ್ತವೆ. ಅವುಗಳಿಗೆ ಹೊಂದಿಸಿದ ಸರಳು ಹಬೆಯ ಕವಾಟವನ್ನು ಕಿರಿದು ಮಾಡುತ್ತದೆ. ನಿಧಾನವಾದರೆ ಗುಂಡುಗಳು ಇಳಿದು ಕವಾಟ ತೆರೆದುಕೊಳ್ಳುತ್ತದೆ. ದಶಕಗಳ ಕಾಲ ಇದು ಚೆನ್ನಾಗಿಯೇ ನಡೆಯಿತು. ಹತ್ತೊಂಬತ್ತನೇ ಶತಮಾನದ ನಡುವಿನ ಹೊತ್ತಿಗೆ ಮಾತ್ರ ವಿಚಿತ್ರವೊಂದು ಕಾಣತೊಡಗಿತು. ಎಂಜಿನ್‌ಗಳು ಹೆಚ್ಚು ನಯವಾಗಿ, ಹೆಚ್ಚು ಶಕ್ತಿಯುತವಾಗಿ ತಯಾರಾದಂತೆ ಗವರ್ನರ್‌ಗಳು ಕೆಡತೊಡಗಿದವು. ವೇಗ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ, ಒಂದೆಡೆ ನಿಲ್ಲುವುದೇ ಇಲ್ಲ.

ಇದಕ್ಕೆ ಕಾರಣ ಹುಡುಕಿದವರಲ್ಲಿ ಇಬ್ಬರು ಮುಖ್ಯರು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1868ರಲ್ಲಿ ಗವರ್ನರ್‌ಗಳ ಬಗ್ಗೆ ಪ್ರಬಂಧ ಬರೆದ. ಮುಂದೆ ರಷ್ಯಾದ ಹಣಕಾಸು ಸಚಿವನಾದ ಎಂಜಿನಿಯರ್ ಇವಾನ್ ವಿಶ್ನೆಗ್ರಾದ್‌ಸ್ಕಿ 1870ರ ದಶಕದಲ್ಲಿ ಅದೇ ಸಮಸ್ಯೆಯನ್ನು ಯಂತ್ರ ಕಟ್ಟುವವರಿಗೆ ನೆರವಾಗುವಂತೆ ಬಿಡಿಸಿದ. ಇಬ್ಬರೂ ಮಾಡಿದ ಮೊದಲ ಕೆಲಸ ಒಂದೇ: ಎಂಜಿನ್ ಮತ್ತು ಗವರ್ನರ್ ಎರಡನ್ನೂ ಒಟ್ಟಿಗೆ ಇಟ್ಟು ಸಮೀಕರಣ ಬರೆಯುವುದು.

ಈ ಜೋಡಿಯ ಸ್ಥಿತಿ ತಿಳಿಯಲು ಮೂರು ಅಳತೆ ಸಾಕು: ಗುಂಡುಗಳು ಎಲ್ಲಿವೆ, ಅವು ಎಷ್ಟು ಬೇಗ ಏರಿಳಿಯುತ್ತಿವೆ, ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿದೆ. ಮೂರು ಅಳತೆ ಇರುವುದರಿಂದ ಸಮೀಕರಣವೂ ಮೂರನೇ ದರ್ಜೆಯದು. ಸಮತೋಲದಿಂದ ಆದ ಚಿಕ್ಕ ಪಲ್ಲಟ ಕಾಲದೊಂದಿಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಈ ಘನ ಸಮೀಕರಣದ ಮೂಲಗಳು ಹೇಳುತ್ತವೆ:

s³ + as² + bs + c = 0

ಮೂಲ ಋಣಸಂಖ್ಯೆಯಾದರೆ ಪಲ್ಲಟ ಕರಗಿಹೋಗುತ್ತದೆ, ಧನಸಂಖ್ಯೆಯಾದರೆ ಬೆಳೆಯುತ್ತದೆ. ಮೂಲಗಳು ಮಿಶ್ರ ಸಂಖ್ಯೆಗಳಾದರೆ ಪಲ್ಲಟ ತೂಗಾಡುತ್ತದೆ. ಆ ತೂಗಾಟ ತಗ್ಗುವುದೋ ಹಿಗ್ಗುವುದೋ ಎಂಬುದನ್ನು ಅವುಗಳ ವಾಸ್ತವ ಭಾಗದ ಚಿಹ್ನೆ ತೀರ್ಮಾನಿಸುತ್ತದೆ. ಘನ ಸಮೀಕರಣದ ಮೂಲ ಹುಡುಕಲು ಸೂತ್ರವಿದೆ, ಆದರೆ ಅದು ಎಷ್ಟು ತೊಡಕೆಂದರೆ a ಸ್ವಲ್ಪ ಹೆಚ್ಚಿದರೆ ಏನಾದೀತು ಎಂಬುದು ಅದನ್ನು ನೋಡಿದರೆ ತಿಳಿಯುವುದಿಲ್ಲ. ನಮಗೆ ಬೇಕಾದದ್ದೂ ಮೂಲಗಳ ಬೆಲೆಯಲ್ಲ, ಚಿಹ್ನೆ ಮಾತ್ರ.

ಅದಕ್ಕೆ ಬೇಕಾದ ಪರೀಕ್ಷೆ ಚಿಕ್ಕದು. a, b, c ಮೂರೂ ಧನಸಂಖ್ಯೆಗಳಾಗಿರಬೇಕು. ಜೊತೆಗೆ a ಮತ್ತು bಗಳ ಗುಣಲಬ್ಧ cಗಿಂತ ದೊಡ್ಡದಿರಬೇಕು. s³ರ ಮುಂದೆ 1ರ ಬದಲು ಬೇರೆ ಧನಸಂಖ್ಯೆ ಇದ್ದರೆ, ನಡುವಿನ ಎರಡು ಸಹಗುಣಕಗಳ ಗುಣಲಬ್ಧ ಹೊರಗಿನ ಎರಡರ ಗುಣಲಬ್ಧವನ್ನು ಮೀರಿರಬೇಕು.

ಇದು ಏಕೆ ನಿಜ ಎಂಬುದನ್ನು ಶಾಲೆಯ ಬೀಜಗಣಿತದಲ್ಲೇ ತೋರಿಸಬಹುದು. ವಾಸ್ತವ ಸಹಗುಣಕಗಳ ಘನ ಸಮೀಕರಣಕ್ಕೆ ಒಂದು ವಾಸ್ತವ ಮೂಲ ಇದ್ದೇ ಇರುತ್ತದೆ. ಆದ್ದರಿಂದ ಅದನ್ನು (s + p)(s² + qs + r) ಎಂದು ಒಡೆಯಬಹುದು. p, q, r ಮೂರೂ ಧನಸಂಖ್ಯೆಗಳಾದರೆ ಎಂಜಿನ್ ಸ್ಥಿರ. ಗುಣಿಸಿ ನೋಡಿದರೆ a = p + q, b = r + pq, c = pr. ಈಗ ab − c ಲೆಕ್ಕ ಹಾಕಿದರೆ pr ಎಂಬ ಪದ ಹೊಡೆದುಹೋಗಿ ಉಳಿಯುವುದು ಇಷ್ಟು:

ab − c = q(p² + b)

b ಧನಸಂಖ್ಯೆಯಾದರೆ ಆವರಣದೊಳಗಿನದು ಯಾವಾಗಲೂ ಧನವೇ. ಹಾಗಾಗಿ ab − cಯ ಚಿಹ್ನೆ ಎಂದರೆ qನ ಚಿಹ್ನೆ. ಉಳಿದೆರಡು ಇನ್ನೂ ಸುಲಭ. a, b, c ಧನವಾಗಿರುವಾಗ sಗೆ ಸೊನ್ನೆಯನ್ನೋ ಧನಸಂಖ್ಯೆಯನ್ನೋ ಕೊಟ್ಟರೆ ಎಡಬದಿ ಸೊನ್ನೆಯಾಗಲಾರದು. ಆದ್ದರಿಂದ ವಾಸ್ತವ ಮೂಲ ಋಣವೇ, ಅಂದರೆ p ಧನ. c = pr ಆದ್ದರಿಂದ r ಕೂಡ ಧನ. p, q, rಗಳ ಬೆಲೆ ಗೊತ್ತಿಲ್ಲದೆಯೇ ಮೂರರ ಚಿಹ್ನೆಯೂ ಸಿಕ್ಕಿತು.

ಸಹಗುಣಕಗಳೆಲ್ಲ ಧನ ಎಂದು ಕಂಡೊಡನೆ ನಿಶ್ಚಿಂತರಾಗುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು. s³ + s² + 2s + 8 = 0 ತೆಗೆದುಕೊಳ್ಳಿ. ಎಲ್ಲವೂ ಧನ. ಆದರೆ ab = 2, c = 8. ಪರೀಕ್ಷೆ ಸೋತಿತು. ಒಡೆದು ನೋಡಿದರೆ (s + 2)(s² − s + 4) ಬರುತ್ತದೆ. ಒಳಗೆ ಅವಿತಿದ್ದ ಋಣಚಿಹ್ನೆ ಹೊರಬಿತ್ತು. ಕಾಲವನ್ನು ಸೆಕೆಂಡುಗಳಲ್ಲಿ ಅಳೆದರೆ ಇಲ್ಲಿನ ಒಂದು ತೂಗಾಟಕ್ಕೆ ಸುಮಾರು 3.2 ಸೆಕೆಂಡು ಹಿಡಿಯುತ್ತದೆ, ಪ್ರತಿ ತೂಗಾಟವೂ ಹಿಂದಿನದಕ್ಕಿಂತ ಸುಮಾರು 5 ಪಟ್ಟು ದೊಡ್ಡದಾಗುತ್ತದೆ.

ಇದು ಒಂದು ಗವರ್ನರಿನ ಸಮೀಕರಣ ಎಂದೇ ಇಟ್ಟುಕೊಳ್ಳೋಣ. ಆಗ a ಎಂದರೆ ಗವರ್ನರಿನ ಘರ್ಷಣೆಯನ್ನು ಗುಂಡುಗಳ ತೂಕದಿಂದ ಭಾಗಿಸಿದ್ದು. b ಎಂದರೆ ಗುಂಡುಗಳನ್ನು ಅವುಗಳ ಜಾಗಕ್ಕೆ ಮರಳಿ ಎಳೆಯುವ ಬಲದ ಲೆಕ್ಕ. cಯಲ್ಲಿ ಎಂಜಿನ್ ಮತ್ತು ಕವಾಟ ಎಷ್ಟು ಜೋರಾಗಿ ಪ್ರತಿಕ್ರಿಯಿಸುತ್ತವೆ ಎಂಬುದಿದೆ, ಮತ್ತು ಅದನ್ನು ಭಾಗಿಸುವುದು ಫ್ಲೈವೀಲಿನ ಜಡತ್ವ. ಹೀಗಾಗಿ ab > c ಎಂಬುದು ಗಣಿತದ ಷರತ್ತಷ್ಟೇ ಅಲ್ಲ, ರಿಪೇರಿಯ ದಾರಿಯೂ ಹೌದು. ನಮ್ಮ ಉದಾಹರಣೆಯಲ್ಲಿ ಘರ್ಷಣೆಯನ್ನು 4 ಪಟ್ಟಿಗಿಂತ ಹೆಚ್ಚಿಸಿದರೆ a 4ನ್ನು ದಾಟಿ ಎಂಜಿನ್ ಸ್ಥಿರವಾಗುತ್ತದೆ. ಇಲ್ಲವೇ ಜಡತ್ವ 4 ಪಟ್ಟಿಗಿಂತ ಹೆಚ್ಚಿರುವ ಫ್ಲೈವೀಲ್ ಹಾಕಿದರೆ c 2ಕ್ಕಿಂತ ಕೆಳಗಿಳಿಯುತ್ತದೆ. a ಸರಿಯಾಗಿ 4 ಆದಾಗ ಸಮೀಕರಣ (s + 4)(s² + 2) ಆಗುತ್ತದೆ. ತೂಗಾಟ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ.

ಹೊಸ ಎಂಜಿನ್‌ಗಳು ಕೆಟ್ಟದ್ದಕ್ಕೆ ಉತ್ತರ ಈ ಷರತ್ತಿನಲ್ಲೇ ಇತ್ತು. ಎಂಜಿನ್ ದೊಡ್ಡದಾದಂತೆ ಭಾರದ ಕವಾಟಗಳನ್ನು ಎಳೆಯಲು ಗುಂಡುಗಳ ತೂಕ ಹೆಚ್ಚಿಸಿದರು. ಬಿಡಿಭಾಗಗಳನ್ನು ನಯವಾಗಿ ಕಡೆದದ್ದರಿಂದ ಘರ್ಷಣೆ ಇಳಿಯಿತು. ಈ ಎರಡರಿಂದಲೂ a ಕುಸಿಯಿತು. ವೇಗದ ಎಂಜಿನ್‌ಗಳಿಗೆಂದು ಫ್ಲೈವೀಲನ್ನು ಹಗುರ ಮಾಡಿದ್ದರಿಂದ c ಏರಿತು. ಒಂದೊಂದೂ ಸುಧಾರಣೆಯೇ, ಸೇರಿ ಸ್ಥಿರತೆಯನ್ನು ಕೆಡಿಸಿದವು. ಘರ್ಷಣೆ ಪೂರ್ತಿ ಇಲ್ಲದಿದ್ದರೆ a ಸೊನ್ನೆ, ಆಗ ಯಾವ ಫ್ಲೈವೀಲೂ ಉಳಿಸಲಾರದು. ವ್ಯರ್ಥವೆಂದು ನಿವಾರಿಸುತ್ತಿದ್ದ ಘರ್ಷಣೆಯನ್ನೇ ಉದ್ದೇಶಪೂರ್ವಕವಾಗಿ ಸೇರಿಸಬೇಕು ಎಂಬುದು ವಿಶ್ನೆಗ್ರಾದ್‌ಸ್ಕಿಯ ತೀರ್ಮಾನ.

ಮೂರಕ್ಕಿಂತ ಮೇಲಿನ ದರ್ಜೆಗಳಿಗೆ ಮ್ಯಾಕ್ಸ್‌ವೆಲ್‌ಗೆ ಸಾಮಾನ್ಯ ನಿಯಮ ಸಿಗಲಿಲ್ಲ. 1854ರ ಕೇಂಬ್ರಿಜ್ ಗಣಿತ ಪರೀಕ್ಷೆಯಲ್ಲಿ ಅವನನ್ನು ಎರಡನೇ ಸ್ಥಾನಕ್ಕೆ ತಳ್ಳಿ ಮೊದಲಿಗನಾಗಿದ್ದ ಎಡ್ವರ್ಡ್ ರೌತ್ 1877ರಲ್ಲಿ ಅದನ್ನು ಕೊಟ್ಟ. 1895ರಲ್ಲಿ ಅಡಾಲ್ಫ್ ಹರ್ವಿಟ್ಸ್ ಬೇರೆ ದಾರಿಯಲ್ಲಿ ಅಲ್ಲಿಗೇ ತಲುಪಿದ. ಇಂದು ಆ ಪರೀಕ್ಷೆಗೆ ಇಬ್ಬರ ಹೆಸರೂ ಇದೆ. ನಾವು ಕಂಡದ್ದು ಅದರ ಮೂರನೇ ದರ್ಜೆಯ ರೂಪ.

ಅದರ ಮಿತಿಯನ್ನೂ ಇದೇ ಉದಾಹರಣೆ ತೋರಿಸುತ್ತದೆ. b = 2, c = 8 ಹಾಗೇ ಇಟ್ಟು aಯನ್ನು 4.1 ಮಾಡಿದರೆ ಪರೀಕ್ಷೆ ಪಾಸು, ಆದರೆ ತೂಗಾಟ ಅರ್ಧಕ್ಕಿಳಿಯಲು ಎರಡು ನಿಮಿಷಕ್ಕೂ ಹೆಚ್ಚು ಬೇಕು. a 5 ಆದರೆ ಸುಮಾರು 18 ಸೆಕೆಂಡು, 10 ಆದರೆ ಸುಮಾರು 11.5 ಸೆಕೆಂಡು ಸಾಕು. ಹಾಗೆಂದು 20ಕ್ಕೆ ಏರಿಸಿದರೆ ಮತ್ತೆ 17 ಸೆಕೆಂಡಿಗೆ ಹೋಗುತ್ತದೆ. ಅಲ್ಲಿ ab − c 32, ನಾಲ್ಕರಲ್ಲೂ ಅತಿ ಹೆಚ್ಚು. ಆದರೂ ಎಂಜಿನ್ ಬೇಗ ಶಾಂತವಾಗಲಿಲ್ಲ, ಏಕೆಂದರೆ ಅತಿ ಘರ್ಷಣೆ ಗುಂಡುಗಳ ಚಲನೆಯನ್ನೇ ತಡೆದು ಕವಾಟವನ್ನು ಮಂದಗೊಳಿಸಿತು. ಎಂಜಿನ್ ಕೊನೆಗೆ ಶಾಂತವಾಗುವುದೇ ಎಂಬ ಪ್ರಶ್ನೆಗೆ ಸಹಗುಣಕಗಳ ಪರೀಕ್ಷೆ ಖಚಿತ ಉತ್ತರ ಕೊಡುತ್ತದೆ. ಎಷ್ಟು ಬೇಗ ಎಂದು ತಿಳಿಯಬೇಕಾದವರು ಮಾತ್ರ ಮೂಲಗಳನ್ನು ಹುಡುಕುವ ಶ್ರಮಪಡಬೇಕು.